ವೊಯೇಜರ್ ಮನೆಗೆ ಕಳಿಸುವ ನಮಸ್ಕಾರ: ಮಗಳಿಗೆ ಹೇಳೋ ಕತೆಯನ್ನು ತಿದ್ದಿಕೊಡಿ

ತುಂಗೆಯ ದಡ · ಭಾನುವಾರ, ರಾತ್ರಿ 10:50

ಮಗಳಿಗೆ ಆರು ವರ್ಷ. ದೀಪ ಆರಿಸಿದ ಮೇಲೆ ಒಂದು ಕತೆ ಆಗಲೇಬೇಕು. ಕಾಗೆ ಗುಬ್ಬಿ, ರಾಜ ರಾಣಿ ಎಲ್ಲ ಹತ್ತಾರು ಸಲ ಹೇಳಿ ಮುಗಿದವು. ಹೋದ ವಾರ ನಾನೇ ಒಂದು ಕಟ್ಟಿ ಹೇಳಿದೆ:

"ಒಂದಾನೊಂದು ಕಾಲದಲ್ಲಿ, ನಿನ್ನ ಅಪ್ಪ ಅಮ್ಮ ಇನ್ನೂ ಹುಟ್ಟಿಲ್ಲದಿದ್ದಾಗ, 1977ನೇ ಇಸವಿಯಲ್ಲಿ, ಭೂಮಿಯಿಂದ ವೊಯೇಜರ್ ಅನ್ನೋ ನೌಕೆ ಹೊರಟಳು. ಗುರುವನ್ನು ಕಂಡಳು, ಶನಿಯ ಬಳೆಗಳನ್ನು ಕಂಡಳು. ಆಮೇಲೆ ದಾರಿಯಲ್ಲಿ ಯಾರೂ ಸಿಗಲಿಲ್ಲ. ಆದರೂ ಹೋಗುತ್ತಲೇ ಇದ್ದಳು. ಒಂದು ದಿನ ಸೂರ್ಯನ ಬೆಳಕು ಮುಗಿದುಹೋಯಿತು. ಸುತ್ತ ಗವ್ವೆನ್ನುವ ಕತ್ತಲು. ಅವಳು ಹಿಂತಿರುಗಿ ಭೂಮಿಯನ್ನು ನೋಡಿ, ನಮಸ್ಕಾರ, ನಾನು ಚೆನ್ನಾಗಿದ್ದೀನಿ ಅಂದಳು. ದಿನಾ ರಾತ್ರಿ ಅಂತಾಳೆ."

ಅವಳು ಮಲಗಲಿಲ್ಲ. ಎದ್ದು ಕೂತು ಮೂರು ಪ್ರಶ್ನೆ ಕೇಳಿದಳು. ಸೂರ್ಯ ಮುಗಿಯೋ ಜಾಗದಲ್ಲಿ ಗೆರೆ ಹಾಕಿದೆಯಾ? ಬಾಯೇ ಇಲ್ಲ, ನಮಸ್ಕಾರ ಹೇಗೆ ಅಂತಾಳೆ? ಅಷ್ಟು ದೂರದಲ್ಲಿ ಹುಷಾರು ತಪ್ಪಿದರೆ ಯಾರು ನೋಡ್ಕೋತಾರೆ?

ಒಂದಕ್ಕೂ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಕತೆ ಅಂತ ಬಾಯಿಗೆ ಬಂದದ್ದು ಹೇಳಿಬಿಡಬಹುದಿತ್ತು, ಆದರೆ ಇದು ನಿಜವಾಗಿ ಇರುವ ನೌಕೆ, ಈಗಲೂ ಹೋಗ್ತಾ ಇದೆ. ಮುಂದೆ ದೊಡ್ಡವಳಾಗಿ ಓದಿದಾಗ ಅಮ್ಮ ಹೇಳಿದ್ದು ಸುಳ್ಳು ಅನ್ನಿಸಬಾರದು. ಗೊತ್ತಿದ್ದವರು ತಿದ್ದಿಕೊಡಿ.

ಚುಕ್ಕಿ ಲೆಕ್ಕ · ಭಾನುವಾರ, ರಾತ್ರಿ 11:20

ಕತೆ ತುಂಬ ಚೆನ್ನಾಗಿದೆ ಮೇಡಂ. ಮೊದಲನೇ ಪ್ರಶ್ನೆಗೆ ಅಡುಗೆಮನೆಯಲ್ಲೇ ಉತ್ತರ ಇದೆ. ಸಿಂಕಿಗೆ ನಲ್ಲಿ ಬಿಡಿ. ನೀರು ಬಿದ್ದ ಜಾಗದ ಸುತ್ತ ತೆಳ್ಳಗೆ, ಜೋರಾಗಿ ಹರಡುತ್ತೆ. ಸ್ವಲ್ಪ ದೂರ ಹೋದ ಮೇಲೆ ಒಂದು ದುಂಡನೆಯ ಉಬ್ಬು ಕಾಣುತ್ತೆ, ಅಲ್ಲಿಂದಾಚೆ ನೀರು ನಿಧಾನ. ಸೂರ್ಯನಿಂದ ಬೀಸೋ ಗಾಳಿಯೂ ಹಾಗೇ. ಆ ಉಬ್ಬೇ ಸೂರ್ಯನ ಗಡಿ. 2012ರಲ್ಲಿ ವೊಯೇಜರ್ 1 ಅದನ್ನು ದಾಟಿ ಸೌರಮಂಡಲದಿಂದ ಹೊರಗೆ ಹೋಯಿತು. ಅಲ್ಲಿ ಸೂರ್ಯನ ಬೆಳಕಿಲ್ಲ, ಪೂರ್ತಿ ಕತ್ತಲು. ಹಾಗಾಗಿ ನಿಮ್ಮ ಕತೆ ಸರಿಯಾಗೇ ಇದೆ.

ಶಾಂತ ನಿದ್ರೆ · ಸೋಮವಾರ, ಬೆಳಿಗ್ಗೆ 6:15

ಮಗು ರಾತ್ರಿ ಎದ್ದು ಕೂತರೆ ಮೊದಲು ಕತೆ ಬದಲಾಯಿಸಿ ತಂಗಿ. ಪ್ರಶ್ನೆ ಹುಟ್ಟಿಸೋ ಕತೆ ಬೆಳಿಗ್ಗೆಗೆ ಇರಲಿ. ರಾತ್ರಿಗೆ ಗೊತ್ತಿರೋ ಕತೆಯನ್ನೇ ದನಿ ಇಳಿಸಿ ಇಳಿಸಿ ಹೇಳಬೇಕು. ನನ್ನ ಇಬ್ಬರು ಮೊಮ್ಮಕ್ಕಳೂ ಹಾಗೇ ಮಲಗುತ್ತಿದ್ದರು. ಎಂಟೂವರೆ ಮೇಲೆ ಟೀವಿ ಬೇಡ.

ತುಂಗೆಯ ದಡ · ಸೋಮವಾರ, ಬೆಳಿಗ್ಗೆ 7:05

ಅಮ್ಮ, ನಿದ್ದೆಗೆ ತೊಂದರೆ ಇಲ್ಲ, ಆಮೇಲೆ ಚೆನ್ನಾಗಿ ಮಲಗಿದಳು. ನಾನು ಕೇಳಿದ್ದು ಕತೆಯಲ್ಲಿ ಏನೇನು ನಿಜ ಅಂತ. ದನಿ ಇಳಿಸೋ ಮಾತು ಮಾತ್ರ ನೆನಪಿಟ್ಟುಕೊಳ್ತೀನಿ.

ಚುಕ್ಕಿ ಲೆಕ್ಕ ಅವರೇ, ಸಿಂಕಿನ ಆಟ ಈಗಲೇ ಆಡಿದೆವು. ಉಬ್ಬಿನ ಮೇಲೆ ಒಂದು ಕೊತ್ತಂಬರಿ ಎಲೆ ತೇಲಿಬಿಟ್ಟು "ಇವಳೇ ವೊಯೇಜರ್" ಅಂದಳು. ಸ್ಕೂಲ್ ವ್ಯಾನ್ ಇನ್ನೇನು ತಪ್ಪುತ್ತಿತ್ತು.

ಹಳೇ ಆಂಟೆನಾ · ಸೋಮವಾರ, ಸಂಜೆ 5:30

ರೇಡಿಯೊ ಸಂಪರ್ಕದ ಕೆಲಸದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು ನಿವೃತ್ತನಾದವನು ನಾನು. ವೊಯೇಜರ್ ಸುದ್ದಿಯನ್ನು ಮೊದಲಿನಿಂದ ಹಿಂಬಾಲಿಸಿದ್ದೇನೆ. ಸಿಂಕಿನ ಹೋಲಿಕೆ ಸರಿ, ಆದರೆ ಅದರಲ್ಲಿ ಎರಡು ಗಡಿಗಳಿವೆ, ಚುಕ್ಕಿ ಲೆಕ್ಕ ಅವರು ಎರಡನ್ನೂ ಒಂದು ಮಾಡಿದ್ದಾರೆ. ಆ ದುಂಡನೆಯ ಉಬ್ಬು ಗಾಳಿ ತಟ್ಟನೆ ನಿಧಾನವಾಗುವ ಜಾಗ. ಅದನ್ನು ವೊಯೇಜರ್ 1 ದಾಟಿದ್ದು 2004ರ ಡಿಸೆಂಬರಿನಲ್ಲಿ. ಅಲ್ಲಿಂದಾಚೆಗೂ ಇರುವುದು ಸೂರ್ಯನದೇ ಗಾಳಿ, ಸುಸ್ತಾದ ಗಾಳಿ. ಅದು ಹೋಗಿ ಹೋಗಿ ನಕ್ಷತ್ರಗಳ ನಡುವಿನ ತಣ್ಣನೆಯ ಅನಿಲಕ್ಕೆ ಒತ್ತಿ ನಿಲ್ಲುವ ಜಾಗ ಇನ್ನೂ ಆಚೆ. 2012ರ ಆಗಸ್ಟ್ 25ರಂದು ದಾಟಿದ್ದು ಅದನ್ನು.

ಮುಗಿದದ್ದು ಸೂರ್ಯನ ಗಾಳಿ, ಬೆಳಕಲ್ಲ. ಲೆಕ್ಕ ಹಾಕಿ ನೋಡಿ. ನೌಕೆ ಈಗ ನಮಗೂ ಸೂರ್ಯನಿಗೂ ಇರುವ ದೂರದ ಸುಮಾರು 170 ಪಟ್ಟು ದೂರದಲ್ಲಿದೆ. ಬೆಳಕು ದೂರದ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ, ಅಂದರೆ ನಮ್ಮ ಬಿಸಿಲಿನ ಸುಮಾರು ಇಪ್ಪತ್ತೊಂಬತ್ತು ಸಾವಿರದಲ್ಲಿ ಒಂದು ಪಾಲು. ಕಡಿಮೆ ಅನ್ನಿಸುತ್ತದೆ. ಆದರೆ ಹುಣ್ಣಿಮೆ ಬೆಳದಿಂಗಳು ನಮ್ಮ ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಮಾತ್ರ. ವೊಯೇಜರ್ ಇರುವ ಕಡೆ ಸೂರ್ಯ ಒಂದು ಚುಕ್ಕಿ, ನಿಜ. ಆದರೂ ಆ ಚುಕ್ಕಿ ಕೊಡುವ ಬೆಳಕು ನಮ್ಮ ಹುಣ್ಣಿಮೆಗಿಂತ ಹತ್ತು ಪಟ್ಟಿಗೂ ಹೆಚ್ಚು. ಮಗಳಿಗೆ ಗವ್ವೆನ್ನುವ ಕತ್ತಲು ಅಂತ ಹೇಳಬೇಡಿ, ಒಳ್ಳೆ ಬೆಳದಿಂಗಳು ಅಂತ ಹೇಳಿ.

ಇನ್ನು "ಸೌರಮಂಡಲದ ಹೊರಗೆ" ಅನ್ನುವ ಮಾತು. ಸೂರ್ಯನ ಗುರುತ್ವ ಅಲ್ಲಿಯೂ ಎಳೆಯುತ್ತಲೇ ಇದೆ. ಅದಕ್ಕೆ ಸಿಕ್ಕಿ ಸುತ್ತುವ ಧೂಮಕೇತುಗಳ ಊರ್ಟ್ ಮೋಡದ ಒಳ ಅಂಚು ತಲುಪಲು ಇನ್ನೂ 300 ವರ್ಷ ಬೇಕು.

ಚುಕ್ಕಿ ಲೆಕ್ಕ · ಸೋಮವಾರ, ಸಂಜೆ 6:10

ಒಪ್ಪಿದೆ ಸರ್, ಎರಡು ಗಡಿ ಕಲಸಿಬಿಟ್ಟೆ. ಆದರೆ ಒಂದು ಅನುಮಾನ. ಗೆರೆ ಇಲ್ಲ, ಬೋರ್ಡ್ ಇಲ್ಲ, ಕ್ಯಾಮೆರಾದಲ್ಲೂ ಏನೂ ಕಾಣಲ್ಲ. ಇಂಥ ದಿನವೇ ದಾಟಿತು ಅಂತ ಹೇಗೆ ಹೇಳಿದರು?

ಹಳೇ ಆಂಟೆನಾ · ಸೋಮವಾರ, ರಾತ್ರಿ 8:45

ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಕತೆಯಲ್ಲಿ ಇರಲೇಬೇಕು.

ಆ ಆಗಸ್ಟಿನಲ್ಲಿ ಸೂರ್ಯನಿಂದ ಬಂದ ಕಣಗಳ ಎಣಿಕೆ ಇದ್ದಕ್ಕಿದ್ದಂತೆ ಬಿದ್ದುಹೋಯಿತು, ಹೊರಗಿನ ಕಣಗಳು ಹೆಚ್ಚಾದವು. ದಾಟಿತು ಎಂದು ಕೆಲವರು. ಆದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕಿತ್ತಲ್ಲ, ಅದು ಹಾಗೇ ಇತ್ತು. ಇನ್ನೂ ದಾಟಿಲ್ಲ ಎಂದು ಇನ್ನು ಕೆಲವರು. ಹೊರಗಿನ ಅನಿಲ ಒಳಗಿನದಕ್ಕಿಂತ ಬಹಳ ದಟ್ಟ ಅಂತ ಮೊದಲೇ ಗೊತ್ತಿತ್ತು. ಆ ದಟ್ಟಣೆಯನ್ನು ನೇರವಾಗಿ ಅಳೆದಿದ್ದರೆ ಜಗಳವೇ ಇರುತ್ತಿರಲಿಲ್ಲ, ಆದರೆ ಅಳೆಯುವ ಉಪಕರಣ ವೊಯೇಜರ್ 1ರಲ್ಲಿ 1980ರಲ್ಲೇ ಕೆಟ್ಟಿತ್ತು. ಹೀಗೆ ಸುಮಾರು ಒಂದು ವರ್ಷ ಕಳೆಯಿತು.

ಬಿಡಿಸಿದ್ದು ಸೂರ್ಯನೇ. 2012ರ ಮಾರ್ಚಿನಲ್ಲಿ ಸೂರ್ಯನಲ್ಲಿ ದೊಡ್ಡ ಸ್ಫೋಟವಾಗಿತ್ತು. ಅದರ ಹೊಡೆತ ಅಷ್ಟು ದೂರ ಹೋಗಿ ಮುಟ್ಟಿದ್ದು 2013ರ ಏಪ್ರಿಲ್‌ನಲ್ಲಿ, ಒಂದು ವರ್ಷಕ್ಕೂ ಮೇಲೆ. ಮುಟ್ಟಿದಾಗ ನೌಕೆಯ ಸುತ್ತಲಿನ ಅನಿಲ ಗಂಟೆ ಹೊಡೆದಂತೆ ಕಂಪಿಸಿತು. ನೌಕೆಯಲ್ಲಿ ಅಂಥ ಕಂಪನ ಕೇಳಿಸಿಕೊಳ್ಳುವ ಉದ್ದನೆಯ ಆಂಟೆನಾ ಜೋಡಿ ಇದೆ. ಅನಿಲ ದಟ್ಟವಾದಷ್ಟೂ ಸ್ವರ ಏರುತ್ತದೆ. ಕೇಳಿದ ಸ್ವರದಿಂದ ಲೆಕ್ಕ ಹಾಕಿದರೆ, ಒಳಗಿದ್ದಾಗಿನದಕ್ಕಿಂತ ಸುಮಾರು 40 ಪಟ್ಟು ದಟ್ಟ. ಹಿಂದಿನ ದಾಖಲೆ ಹುಡುಕಿದಾಗ 2012ರ ಅಕ್ಟೋಬರ್–ನವೆಂಬರಿನಲ್ಲೂ ಇಂಥದೇ ಒಂದು ಸಣ್ಣ ಸ್ವರ ಸಿಕ್ಕಿತು. ಎರಡನ್ನೂ ಸೇರಿಸಿ ಹಿಂದಕ್ಕೆ ಎಣಿಸಿ ಆಗಸ್ಟ್‌ಗೆ ಬಂದರು. ಪ್ರಕಟಿಸಿದ್ದು 2013ರ ಸೆಪ್ಟೆಂಬರಿನಲ್ಲಿ.

ಅಂದರೆ "ನೀನು ನನ್ನ ಅಂಗಳ ದಾಟಿದೆ ಮಗಳೇ" ಅಂತ ಸೂರ್ಯನೇ ಕೂಗಿ ಹೇಳಿದ ಹಾಗಾಯಿತು. ಕಾಂತಕ್ಷೇತ್ರ ಯಾಕೆ ತಿರುಗಲಿಲ್ಲ ಅನ್ನುವ ಚರ್ಚೆ ಮಾತ್ರ ಆಮೇಲೂ ಮುಂದುವರಿಯಿತು.

ಬೆಲ್ಲದ ಚಹಾ · ಸೋಮವಾರ, ರಾತ್ರಿ 9:30

ಇದನ್ನ ಓದಿ ಕಣ್ಣಾಗ ನೀರು ಬಂತ್ರಿ. ನಮ್ಮ ಯಜಮಾನ್ರು ಮಿಲಿಟರಿಯೊಳಗ ಇದ್ರು. ಲಗ್ನ ಆಗಿ ಮೂರ ತಿಂಗಳಿಗೆ ಲೇಹ್ ಕಡೆ ಹೋದ್ರು. ಅವರ ನೀಲಿ ಇನ್‌ಲ್ಯಾಂಡ್ ಪತ್ರ ಧಾರವಾಡಕ್ಕ ಮುಟ್ಟಾಕ ಹದಿನೈದ ದಿನ, ನಾ ಬರದದ್ದು ಅವರಿಗೆ ಮುಟ್ಟಾಕ ಮತ್ತ ಹದಿನೈದ ದಿನ. "ಜ್ವರ ಬಂದೈತಿ" ಅಂತ ಬರದಿದ್ರ ನಾ ಓದೂದ್ರಾಗ ಜ್ವರ ಬಿಟ್ಟಿರ್ತಿತ್ತು. ಆದ್ರೂ ಓದಿದ ಮ್ಯಾಲೆ ಆ ರಾತ್ರಿ ನನಗ ನಿದ್ದಿ ಹತ್ತತಿರಲಿಲ್ಲ. ಈ ನೌಕಾದ ಮಾತು ಮುಟ್ಟಾಕ ಎಷ್ಟ ಹೊತ್ತು ಬೇಕ್ರಿ? ಆಕಿ ಏನ್ ಅಂತಾಳ ಖರೇನ?

ಹಳೇ ಆಂಟೆನಾ · ಮಂಗಳವಾರ, ಬೆಳಿಗ್ಗೆ 10:15

ಅಕ್ಕಾರೆ, ಒಂದು ಕಡೆಗೆ 23 ಗಂಟೆಯ ಮೇಲೆ. 2026ರ ನವೆಂಬರಿಗೆ ಸರಿಯಾಗಿ ಒಂದು ದಿನ ಆಗುತ್ತದೆ. ನಿಮ್ಮ ಪತ್ರದ್ದೇ ಸಂಗತಿ. ಈಗ ಕೇಳಿಸುವುದು ಅದರ ನಿನ್ನೆಯ ಮಾತು, ಅದಕ್ಕೆ ನಾವು ಇವತ್ತು ಕೊಟ್ಟ ಉತ್ತರ ಮುಟ್ಟುವುದು ನಾಳೆ.

ಏನು ಹೇಳುತ್ತದೆ ಅಂದರೆ, ಮುಖ್ಯವಾಗಿ ತನ್ನ ಮೈ ಹೇಗಿದೆ ಅಂತ. ಯಾವ ಭಾಗ ಎಷ್ಟು ಬೆಚ್ಚಗಿದೆ, ವಿದ್ಯುತ್ ಎಷ್ಟು ಉಳಿದಿದೆ, ಮುಖ ಯಾವ ಕಡೆಗಿದೆ. ಜೊತೆಗೆ ಸುತ್ತಲಿನ ಅಳತೆಗಳು. ಎಲ್ಲವೂ ಸೊನ್ನೆ–ಒಂದುಗಳಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 160. ನಿಮ್ಮ ಕತೆಯ "ನಾನು ಚೆನ್ನಾಗಿದ್ದೀನಿ" ಅನ್ನುವುದು ನಿಜಕ್ಕೆ ಬಹಳ ಹತ್ತಿರ ಇದೆ. ನಮಸ್ಕಾರ ಅಂತ ಅದು ಹೇಳುವುದಿಲ್ಲ. ಹೇಳಿದ್ದರೆ ಎಷ್ಟು ಹೊತ್ತಾಗುತ್ತಿತ್ತು ಅಂತ ನಿನ್ನೆ ರಾತ್ರಿ ಎಣಿಸಿದೆ. ಕಂಪ್ಯೂಟರಿನಲ್ಲಿ "ನಮಸ್ಕಾರ"ಕ್ಕೆ ಒತ್ತು, ದೀರ್ಘ ಎಲ್ಲ ಬಿಡಿಸಿ ಏಳು ಚಿಹ್ನೆ, ಒಂದೊಂದಕ್ಕೆ 24 ಬಿಟ್, ಒಟ್ಟು 168. ಸೆಕೆಂಡಿಗೆ 160ರಂತೆ, ಒಂದು ಸೆಕೆಂಡಿಗಿಂತ ಚೂರು ಹೆಚ್ಚು. ಕೈ ಮುಗಿದು ನಿಧಾನವಾಗಿ ನಮಸ್ಕಾರ ಅನ್ನಲು ನನಗೂ ಅಷ್ಟೇ ಹೊತ್ತು ಹಿಡಿಯಿತು.

ಅದರ ದನಿಯ ಶಕ್ತಿ ಸುಮಾರು 22 ವಾಟ್, ಮನೆಯ ಟ್ಯೂಬ್‌ಲೈಟಿಗಿಂತ ಕಡಿಮೆ. 3.7 ಮೀಟರಿನ ಬೋಗುಣಿಯಂಥ ಆಂಟೆನಾದಿಂದ ನಮ್ಮ ಕಡೆಗೆ ಕಟ್ಟಿ ಕಳಿಸಿದರೂ ಇಲ್ಲಿ ಬರುವಷ್ಟರಲ್ಲಿ ಆ ಕಿರಣ ಭೂಮಿಯಿಂದ ಸೂರ್ಯನವರೆಗಿನ ದೂರಕ್ಕಿಂತ ಅಗಲವಾಗಿ ಹರಡಿರುತ್ತದೆ. ಅದರಲ್ಲಿ ನಮ್ಮ ಬೊಗಸೆಗೆ ಬೀಳುವುದು, ಒಂದು ವಾಟನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಸಿಗುವಷ್ಟೂ ಇಲ್ಲ. ಅದನ್ನು ಹಿಡಿಯಲು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾಗಳಲ್ಲಿ 70 ಮೀಟರ್ ಅಗಲದ ಆಂಟೆನಾಗಳಿವೆ. ಭೂಮಿ ತಿರುಗುತ್ತಾ ಒಬ್ಬರಿಗೆ ಅದು ಮುಳುಗಿದರೆ ಇನ್ನೊಬ್ಬರಿಗೆ ಹುಟ್ಟುತ್ತದೆ.

ಕತೆಯಲ್ಲಿ ಇನ್ನೊಂದು ಸಾಲು ತಿದ್ದಬೇಕು. ಅವಳು ಹಿಂತಿರುಗಿ ನೋಡುವುದಿಲ್ಲ. 1990ರ ಫೆಬ್ರುವರಿ 14ರಂದು ಸೂರ್ಯ ಮತ್ತು ಗ್ರಹಗಳ ಕೊನೆಯ ಚಿತ್ರಗಳನ್ನು ತೆಗೆದ ಮೇಲೆ ಕ್ಯಾಮೆರಾ ಶಾಶ್ವತವಾಗಿ ಆರಿಸಿದರು. ಆದರೆ ತಿರುಗಬೇಕಾದ ಅಗತ್ಯವೂ ಇಲ್ಲ. ಆ ಬೋಗುಣಿ ಸದಾ ನಮ್ಮ ಕಡೆಗೇ ಮುಖ ಮಾಡಿರುತ್ತದೆ. ಕಣ್ಣು ಮುಚ್ಚಿ, ಮನೆ ಕಡೆ ಮುಖ ಇಟ್ಟುಕೊಂಡೇ, ಸೆಕೆಂಡಿಗೆ 17 ಕಿಲೋಮೀಟರಿನಂತೆ ದೂರ ದೂರ ಹೋಗುತ್ತಿದ್ದಾಳೆ.

ಕಡಲಾಚೆ · ಮಂಗಳವಾರ, ಬೆಳಿಗ್ಗೆ 11:40

ನಾನು ಹೊರದೇಶದಲ್ಲಿ ವಾರಾಂತ್ಯಕ್ಕೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. "ನಮಸ್ಕಾರ ಹೇಳುವುದಿಲ್ಲ" ಅನ್ನೋದಕ್ಕೆ ಒಂದು ಸೇರಿಸಲಾ? ಅವಳ ಪಕ್ಕೆಯಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆ ಇದೆ, ಹಳೇ ಗ್ರಾಮಫೋನ್ ತಟ್ಟೆಯಂಥದು. ಅದರಲ್ಲಿ 55 ಭಾಷೆಗಳ ಶುಭಾಶಯ ಇದೆ, ಕನ್ನಡವೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ನಮ್ಮ ಶಾಲೆಯ ಮಕ್ಕಳಿಗೆ ಕೇಳಿಸಿದಾಗ ಒಬ್ಬ ಹುಡುಗ ಮೂರು ಸಲ ಹಾಕಿಸಿ ಕೇಳಿದ. ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಅದರಲ್ಲಿದೆ. ನೌಕೆ ಹೊರಟದ್ದು 1977ರ ಸೆಪ್ಟೆಂಬರ್ 5ಕ್ಕೆ, ಕೇಸರಬಾಯಿ ತೀರಿಕೊಂಡದ್ದು ಅದೇ ಸೆಪ್ಟೆಂಬರ್ 16ಕ್ಕೆ.

ತುಂಗೆಯ ದಡ · ಮಂಗಳವಾರ, ಮಧ್ಯಾಹ್ನ 2:30

ಹಾಗಾದರೆ ಅವಳು ಈಗಲೂ ಕನ್ನಡದಲ್ಲಿ ನಮಸ್ತೆ ಅನ್ನುತ್ತಾ ಹೋಗುತ್ತಿದ್ದಾಳೆ!

ಕಡಲಾಚೆ · ಮಂಗಳವಾರ, ಮಧ್ಯಾಹ್ನ 2:50

ಇಲ್ಲ, ತಟ್ಟೆ ತಿರುಗುವುದಿಲ್ಲ. ಮುಚ್ಚಿಟ್ಟಿದ್ದಾರೆ, ಪಕ್ಕದಲ್ಲಿ ಮುಳ್ಳೂ ಇದೆ. ಯಾರಾದರೂ ಸಿಕ್ಕಿ, ಬಿಚ್ಚಿ, ತಾವೇ ತಿರುಗಿಸಿ ಕೇಳಬೇಕು. ನಾವು ಬೀಗರ ಮನೆಗೆ ಕೊಟ್ಟು ಕಳಿಸಿದ ಡಬ್ಬಿ ಅದು. ಮನೆಗೆ ಬರುವ ಮಾತು ಬೇರೆ, ಕೊಟ್ಟು ಕಳಿಸಿದ ಮಾತು ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತೆ.

ತುಂಗೆಯ ದಡ · ಮಂಗಳವಾರ, ರಾತ್ರಿ 9:55

ಬೆಳದಿಂಗಳು, ಡಬ್ಬಿ, ಸೂರ್ಯ ಕೂಗಿದ್ದು ಎಲ್ಲ ಇವತ್ತು ಹೇಳಿದೆ. ಮೂರನೇ ಪ್ರಶ್ನೆ ಮರೆತಿಲ್ಲ ಅವಳು. ಹೋದ ತಿಂಗಳು ಅವಳಿಗೇ ಐದು ದಿನ ಜ್ವರ ಇತ್ತು, ಅದಕ್ಕೇ ಇರಬೇಕು ಮತ್ತೆ ಮತ್ತೆ ಕೇಳ್ತಾಳೆ. ವೊಯೇಜರಿಗೆ ನಿಜವಾಗಿ ಹುಷಾರು ತಪ್ಪಿದ್ದು ಇದೆಯಾ?

ಹಳೇ ಆಂಟೆನಾ · ಬುಧವಾರ, ಬೆಳಿಗ್ಗೆ 9:20

ಇದೆ. ಆಗ ಐದು ತಿಂಗಳು ತೊದಲಿದಳು. ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾದಷ್ಟು ತೆಗೆದುಕೊಳ್ಳಿ.

2023ರ ನವೆಂಬರ್ 14ರಿಂದ ಬರುತ್ತಿದ್ದ ಸೊನ್ನೆ–ಒಂದುಗಳಿಗೆ ಅರ್ಥವೇ ಇಲ್ಲದಾಯಿತು. ಒಂದೇ ಮಾದರಿ ಮತ್ತೆ ಮತ್ತೆ. ರೇಡಿಯೊ ಅಲೆ ಮೊದಲಿನಂತೆ ಬರುತ್ತಿತ್ತು, ಅಂದರೆ ಜೀವ ಇದೆ, ಮುಖ ನಮ್ಮ ಕಡೆಗೇ ಇದೆ. ಕಳಿಸಿದ ಆಜ್ಞೆ ತಲುಪುತ್ತಿದೆ ಎನ್ನುವುದೂ ಗೊತ್ತಾಗುತ್ತಿತ್ತು. ಕಿವಿ ಸರಿ ಇದೆ, ಗಂಟಲೂ ಸರಿ ಇದೆ, ಕೆಟ್ಟದ್ದು ಮಾತು ಜೋಡಿಸುವ ಜಾಗ ಎಂದು ಅಲ್ಲಿಗೇ ತಿಳಿಯಿತು. ಅಳತೆಗಳನ್ನೆಲ್ಲ ಕಟ್ಟಿ ಸಾಲಾಗಿ ಕಳಿಸಲು ಅದರಲ್ಲಿ ಒಂದು ಪ್ರತ್ಯೇಕ ಕಂಪ್ಯೂಟರ್ ಇದೆ. ಆಫ್ ಮಾಡಿ ಆನ್ ಮಾಡಿದಂತೆ ಅದನ್ನು ಮೊದಲಿನಿಂದ ಶುರು ಮಾಡಿಸಿ ನೋಡಿದರು. ಆಗಲಿಲ್ಲ.

ಕಷ್ಟ ಏನೆಂದರೆ, ಒಂದು ಮಾತ್ರೆ ಕೊಟ್ಟರೆ ಅದು ಹಿಡಿಸಿತೋ ಇಲ್ಲವೋ ತಿಳಿಯಲು ಎರಡು ದಿನ ಕಾಯಬೇಕು. ತಪ್ಪು ಮಾತ್ರೆ ಕೊಟ್ಟರೆ ಇರುವ ಜೀವಕ್ಕೂ ಕುತ್ತು. ನೌಕೆ ಕಟ್ಟಿದವರಲ್ಲಿ ಹಲವರು ಈಗಿಲ್ಲ. ಹಳೆಯ ಕಾಗದಪತ್ರ ತಿರುವಿ ಹಾಕಿ ಕೆಲಸ ಮಾಡಬೇಕಿತ್ತು.

2024ರ ಮಾರ್ಚ್ 1ರಂದು ಮೆಲ್ಲಗೆ ಚಿವುಟಿದಂಥ ಒಂದು ಆಜ್ಞೆ ಕಳಿಸಿದರು. ಕೆಟ್ಟಿರಬಹುದಾದ ಜಾಗ ಬಿಟ್ಟು ಬೇರೆ ದಾರಿಯಲ್ಲಿ ಕೆಲಸ ಮಾಡಿ ನೋಡು ಎಂಬರ್ಥದ್ದು. 3ನೇ ತಾರೀಖು ಬಂದ ಉತ್ತರ ಮಾಮೂಲಿ ಮಾತಲ್ಲ, ಆದರೆ ಹಿಂದಿನ ತೊದಲೂ ಅಲ್ಲ. ಆಂಟೆನಾ ಜಾಲದ ಒಬ್ಬ ಎಂಜಿನಿಯರ್ ಅದನ್ನು ಬಿಡಿಸಿ ನೋಡಿದರೆ, ಆ ಕಂಪ್ಯೂಟರಿನ ಸ್ಮರಣೆಯ ಪೂರ್ತಿ ನಕಲು ಅದರೊಳಗಿತ್ತು! "ಎಲ್ಲಿ ನೋವು?" ಎಂದು ಕೇಳಿದ್ದಕ್ಕೆ ತಲೆಯನ್ನೇ ತೆರೆದು ತೋರಿಸಿದಂತೆ. ಕೆಡುವ ಮುಂಚಿನ ನಕಲನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಸ್ಮರಣೆಯ ಸುಮಾರು ಶೇಕಡ 3ರಷ್ಟು ಹಾಳಾಗಿತ್ತು, ಅದಕ್ಕೆ ಕಾರಣ ಒಂದೇ ಒಂದು ಚಿಪ್. ಎಲ್ಲಿಂದಲೋ ಬಂದ ಶಕ್ತಿಯ ಕಣ ಬಡಿದಿರಬಹುದು, ಇಲ್ಲವೇ 46 ವರ್ಷ ದುಡಿದು ಸವೆದಿರಬಹುದು.

ಚಿಪ್ ಬದಲಾಯಿಸಲು ಯಾರೂ ಹೋಗಲಾರರು. ಅದರಲ್ಲಿದ್ದ ಬರಹವನ್ನು ಬೇರೆಡೆಗೆ ಸಾಗಿಸಬೇಕು. ಆದರೆ ಅಷ್ಟೂ ಒಟ್ಟಿಗೆ ಹಿಡಿಸುವ ಖಾಲಿ ಜಾಗ ಆ ಪುಟ್ಟ ಸ್ಮರಣೆಯಲ್ಲಿ ಎಲ್ಲೂ ಇರಲಿಲ್ಲ. ತುಂಡು ತುಂಡು ಮಾಡಿ ಸಂದಿಗೊಂದಿಗಳಲ್ಲಿ ಇಟ್ಟರು. ಹಾಗೆ ಇಟ್ಟಾಗ, "ಮುಂದಿನದು ಅಲ್ಲಿದೆ" ಎಂದು ಒಂದು ತುಂಡು ಇನ್ನೊಂದಕ್ಕೆ ತೋರಿಸುವ ವಿಳಾಸಗಳೆಲ್ಲ ತಪ್ಪಾಗುತ್ತವೆ. ಅವನ್ನೆಲ್ಲ ಹುಡುಕಿ ತಿದ್ದಿದರು. ಮೊದಲು ಮೈಯ ವರದಿ ಕಳಿಸುವ ಭಾಗವನ್ನು ಮಾತ್ರ ಏಪ್ರಿಲ್ 18ಕ್ಕೆ ಕಳಿಸಿದರು. ಇಪ್ಪತ್ತೆರಡೂವರೆ ಗಂಟೆ ಹೋಗಲು, ಅಷ್ಟೇ ಬರಲು. ಏಪ್ರಿಲ್ 20ರಂದು ಐದು ತಿಂಗಳ ನಂತರ ಮೊದಲ ಸಲ ಅರ್ಥವಾಗುವ ಮಾತು ಬಂತು. ಜೂನ್ ಹೊತ್ತಿಗೆ ಆಗ ಕೆಲಸ ಮಾಡುತ್ತಿದ್ದ ನಾಲ್ಕೂ ಉಪಕರಣಗಳು ವರದಿ ಕಳಿಸತೊಡಗಿದವು.

ಬೆಲ್ಲದ ಚಹಾ · ಬುಧವಾರ, ಬೆಳಿಗ್ಗೆ 10:05

ನಮ್ಮ ಅತ್ತಿಯವರಿಗೆ ಲಕ್ವಾ ಹೊಡದಾಗ ಹಿಂಗ ಆಗಿತ್ರಿ. ನಾವು ಹೇಳಿದ್ದೆಲ್ಲಾ ತಿಳೀತಿತ್ತು, ಮಾತು ಮಾತ್ರ ಹೊಂದತಿರಲಿಲ್ಲ. ಒಂದ ಶಬ್ದನ ಮತ್ತ ಮತ್ತ ಅಂತಿದ್ರು. ಎಂಟ ತಿಂಗಳ ಮ್ಯಾಲೆ ಒಂದ ದಿನ ಮುಂಜಾನೆ "ಚಹಾ ಆತೇನ?" ಅಂದ್ರು. ಮನಿಮಂದಿ ಎಲ್ಲಾ ಅಡಗಿಮನಿಗೆ ಓಡಿ ಬಂದಿದ್ವಿ.

ಚುಕ್ಕಿ ಲೆಕ್ಕ · ಬುಧವಾರ, ಮಧ್ಯಾಹ್ನ 1:00

ಎಂಥ ಕೆಲಸ! ಆದರೆ ಮೇಡಂ, ಕೊನೆ ಹೇಗೆ ಹೇಳ್ತೀರಾ? 2025ಕ್ಕೆ ವಿದ್ಯುತ್ ಮುಗಿದು ಪೂರ್ತಿ ನಿಂತುಹೋಗುತ್ತೆ ಅಂತ ನಾನು ಬಹಳ ಹಿಂದೆ ಓದಿದ್ದೆ.

ಹಳೇ ಆಂಟೆನಾ · ಬುಧವಾರ, ಮಧ್ಯಾಹ್ನ 3:40

ಅದು ಹಳೆಯ ಅಂದಾಜು. ಪ್ಲುಟೋನಿಯಂ ಬಿಸಿಯಿಂದ ವಿದ್ಯುತ್ ಮಾಡುವ ಪೆಟ್ಟಿಗೆಗಳಿವೆ, ವರ್ಷಕ್ಕೆ ಸುಮಾರು 4 ವಾಟಿನಂತೆ ಕುಗ್ಗುತ್ತವೆ. ಅದಕ್ಕೆ ತಕ್ಕಂತೆ ಒಂದೊಂದೇ ಹೀಟರ್, ಒಂದೊಂದೇ ಉಪಕರಣ ಆರಿಸುತ್ತಾ ಬಂದಿದ್ದಾರೆ. ಆ ಗಡಿ ದಾಟಿದ್ದನ್ನು ತೋರಿಸಿಕೊಟ್ಟ ಕಾಸ್ಮಿಕ್ ಕಿರಣದ ಉಪಕರಣವನ್ನೂ 2025ರ ಫೆಬ್ರುವರಿಯಲ್ಲಿ ಆರಿಸಬೇಕಾಯಿತು. ವಿದ್ಯುತ್ತಿಗಿಂತ ನನಗೆ ಭಯ ಇಂಧನದ ಕೊಳವೆಗಳದ್ದು. ಮುಖ ನಮ್ಮ ಕಡೆ ಇಟ್ಟುಕೊಳ್ಳಲು ಸಣ್ಣ ಸಣ್ಣ ಚಿಮ್ಮುಗಳು ಬೇಕು, ಆ ಕೊಳವೆಗಳು ಒಳಗೆ ಕಟ್ಟಿಕೊಳ್ಳುತ್ತಾ ಇವೆ. ಮುಖ ಸ್ವಲ್ಪ ಸರಿದರೂ ಮಾತು ನಮ್ಮನ್ನು ತಪ್ಪಿ ಹೋಗುತ್ತದೆ. ಅವಳ ಜೊತೆಯವಳು ವೊಯೇಜರ್ 2ಕ್ಕೆ 2023ರ ಜುಲೈನಲ್ಲಿ ತಪ್ಪು ಆಜ್ಞೆ ಹೋಗಿ ಬರೀ 2 ಡಿಗ್ರಿ ಸರಿದಿತ್ತು, ಅಷ್ಟಕ್ಕೇ ಮಾತು ನಿಂತಿತು. ಕ್ಯಾನ್‌ಬೆರಾದಿಂದ ಇರುವ ಶಕ್ತಿಯನ್ನೆಲ್ಲ ಹಾಕಿ ಕೂಗಿ ತಿರುಗಿಸಿಕೊಂಡರು.

ನನ್ನ ಅಭಿಪ್ರಾಯದಲ್ಲಿ ಮಗುವಿಗೆ ನಿಜ ಹೇಳಬೇಕು. ಒಂದು ದಿನ ಮಾತು ನಿಲ್ಲುತ್ತದೆ, ಅವಳು ಮಾತ್ರ ಹೋಗುತ್ತಲೇ ಇರುತ್ತಾಳೆ.

ಬೆಲ್ಲದ ಚಹಾ · ಬುಧವಾರ, ಸಂಜೆ 4:20

ಬ್ಯಾಡ್ರಿ ಸರ. ಆರ ವರ್ಷದ ಕೂಸಿಗೆ, ಅದೂ ಮಲಗೂ ಹೊತ್ತಿನ್ಯಾಗ ಯಾಕ್ರಿ? ಆಕಿ ಇನ್ನೂ ಮಾತಾಡಾಕತ್ತಾಳಲ್ಲ, ಇವತ್ತಿಗೆ ಅಷ್ಟ ಹೇಳ್ರಿ. ಮುಂದಿಂದು ಮುಂದ.

ಕಡಲಾಚೆ · ಬುಧವಾರ, ಸಂಜೆ 5:00

ನಾನು ತರಗತಿಯಲ್ಲಿ ಹೇಳಿಬಿಟ್ಟೆ. ಎಂಟು ವರ್ಷದವರು ಸುಮ್ಮನೆ ಕೇಳಿದರು. ಐದು ವರ್ಷದವಳೊಬ್ಬಳು ಅತ್ತಳು. ಇವತ್ತಿಗೂ ನನಗೆ ಯಾವುದು ಸರಿ ಅಂತ ತಿಳಿದಿಲ್ಲ.

ಹಳೇ ಆಂಟೆನಾ · ಬುಧವಾರ, ಸಂಜೆ 6:30

ಅಕ್ಕಾರು ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ, ತುಂಗೆಯ ದಡ ಅವರಿಗೆ ಉಪಯೋಗವಾದೀತು. ಜೂನ್ ತಿಂಗಳ ನಡುರಾತ್ರಿ ವೊಯೇಜರ್ 1 ಇರುವ ದಿಕ್ಕು ನಮ್ಮ ಕರ್ನಾಟಕದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತದೆ. ಉರಗಧರ ನಕ್ಷತ್ರಪುಂಜ, ವೃಶ್ಚಿಕದ ಮೇಲ್ಗಡೆ. ನೌಕೆ ಕಾಣುವುದಿಲ್ಲ, ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ದಿಕ್ಕು ಮಾತ್ರ ಬೆರಳಿಟ್ಟು ತೋರಿಸಬಹುದು. ಇನ್ನೊಂದು ವಿಷಯ. ಭೂಮಿ ಸೂರ್ಯನ ಸುತ್ತ ಓಡುವ ವೇಗ ಅವಳ ವೇಗಕ್ಕಿಂತ ಹೆಚ್ಚು. ಹಾಗಾಗಿ ಪ್ರತಿ ವರ್ಷ ಫೆಬ್ರುವರಿ–ಮಾರ್ಚ್ ಹೊತ್ತಿಗೆ ನಾವೇ ಅವಳ ಕಡೆ ಓಡಿ, ಸ್ವಲ್ಪ ದಿನ ದೂರ ಕಡಿಮೆಯಾಗುತ್ತದೆ.

ತುಂಗೆಯ ದಡ · ಶುಕ್ರವಾರ, ರಾತ್ರಿ 10:30

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ನೀವು ಕೊಟ್ಟಷ್ಟು ನನಗೆ ಯಾವ ಪುಸ್ತಕದಲ್ಲೂ ಒಟ್ಟಿಗೆ ಸಿಗುತ್ತಿರಲಿಲ್ಲ. ಬುಧವಾರ ರಾತ್ರಿ ಹೇಳಿದ್ದು ಹೀಗೆ:

"ಒಂದು ದಿನ ವೊಯೇಜರ್ ತೊದಲಿದಳು. ತ ತ ತ ತ, ಅಷ್ಟೇ. ಭೂಮಿಯಲ್ಲಿ ಅವಳ ಮಾತು ಕೇಳುತ್ತಾ ಕೂತವರು ಗಾಬರಿಯಾದರು, ಆದರೆ ಬೈಯಲಿಲ್ಲ. ಮೆಲ್ಲಗೆ ಚಿವುಟಿ, ಎಲ್ಲಿ ನೋವು ಮಗು ಅಂತ ಕೇಳಿದರು. ಆ ಪ್ರಶ್ನೆ ಹೋಗೋದಕ್ಕೆ ಒಂದು ಹಗಲು ಒಂದು ರಾತ್ರಿ. ಅವಳ ಉತ್ತರ ಬರೋದಕ್ಕೆ ಇನ್ನೊಂದು ಹಗಲು ಒಂದು ರಾತ್ರಿ. ಉತ್ತರದಲ್ಲಿ ಅವಳ ನೆನಪುಗಳೆಲ್ಲ ಇದ್ದವು. ಅದರಲ್ಲೊಂದು ಸಣ್ಣ ಪೆಟ್ಟಿಗೆ ಒಡೆದಿತ್ತು. ಆ ಪೆಟ್ಟಿಗೆಯ ಮಾತುಗಳನ್ನು ಚೂರು ಚೂರು ಮಾಡಿ, ಬೇರೆ ಪೆಟ್ಟಿಗೆಗಳ ಸಂದಿಯಲ್ಲಿ ಇಟ್ಟರು. ಮತ್ತೆ ಕಾದರು. ಮೂರನೇ ದಿನ ಅವಳು ಹೇಳಿದಳು, ನನ್ನ ಕೈಕಾಲು ತಣ್ಣಗಿವೆ, ಹೊಟ್ಟೆ ಬೆಚ್ಚಗಿದೆ, ಮುಖ ನಿಮ್ಮ ಕಡೆಗೇ ಇದೆ."

ಕೊನೆ ನಾನು ಹೇಳಿಲ್ಲ. ಮಾತು ನಿಲ್ಲುವ ವಿಷಯ ಇನ್ನೂ ಮನಸ್ಸಿನಲ್ಲೇ ಇದೆ. ಸರ್ ಹೇಳಿದ್ದು ಸರಿ ಅಂತ ಒಮ್ಮೆ ಅನ್ನಿಸುತ್ತೆ, ಅಕ್ಕ ಹೇಳಿದ್ದೂ ಸರಿ ಅಂತ ಇನ್ನೊಮ್ಮೆ.

ಕತೆ ಮುಗಿದ ಮೇಲೆ ಮಗಳು ಹಾಸಿಗೆಯಲ್ಲೇ ಕೈ ಮುಗಿದು ಸೂರಿನ ಕಡೆ ನಮಸ್ತೆ ಅಂದಳು. ನಮ್ಮ ದನಿ ಅಲ್ಲಿಗೆ ಹೋಗಲ್ಲ, ಹೋಗಬೇಕಾದರೆ ದೊಡ್ಡ ಆಂಟೆನಾ ಬೇಕು ಅಂತ ಹೇಳಿದೆ. "ಹೋದರೆ ಯಾವಾಗ ಮುಟ್ಟುತ್ತೆ?" ಅಂದಳು. ನಾಳೆ ರಾತ್ರಿ, ನೀನು ಮಲಗೋದಕ್ಕೆ ಸ್ವಲ್ಪ ಮುಂಚೆ ಅಂದೆ. ನಿನ್ನೆ ಊಟ ಮಾಡ್ತಾ ಮಾಡ್ತಾ ಗಡಿಯಾರ ನೋಡಿ "ಈಗ ಮುಟ್ಟಿತು" ಅಂತ ಕೂಗಿದಳು. ಇವತ್ತು ಒಂಬತ್ತಕ್ಕೆ ತಾನೇ ಹಾಸಿಗೆ ಹಾಸಿಕೊಂಡು, ಕಿಟಕಿ ತೆಗೆಸಿ, ಮಾತಾಡದೆ ಮಲಗಿದ್ದಳು. ನಾನು ಕತೆ ಶುರು ಮಾಡಿದರೆ ಬಾಯಿಗೆ ಬೆರಳಿಟ್ಟು "ಷ್, ಬರೋ ಹೊತ್ತಾಯ್ತು" ಅಂದಳು.